ಅಗೆತಕ್ಕೆ ಮೊದಲು ಓದಬೇಕಾದ ಆದೇಶ

ಬಿಲ್ಡರ್‌ಗಳ ಕಚೇರಿಯಲ್ಲಿ ಅದಕ್ಕೆ ‘ಇಸಿ’ ಎಂದೇ ಹೆಸರು. ಪೂರ್ತಿ ಹೆಸರು ಪರಿಸರ ಅನುಮತಿ ಆದೇಶ. ಇಸಿ ಬಂದ ದಿನ ಕಚೇರಿಯಲ್ಲಿ ಸಿಹಿ ಹಂಚುತ್ತಾರೆ. ಆದೇಶದ ಒಂದು ಪ್ರತಿ ಬ್ಯಾಂಕಿಗೆ ಹೋಗುತ್ತದೆ, ಒಂದು ರೇರಾಕ್ಕೆ, ಇನ್ನೊಂದು ಲೀಗಲ್ ಫೈಲಿಗೆ. ಕಟ್ಟಡ ಕಟ್ಟಿಸಬೇಕಾದ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಮಾತ್ರ ‘ಇಸಿ ಬಂತು, ಕೆಲಸ ಶುರು ಮಾಡಿ’ ಎಂಬ ಒಂದು ಸಾಲು ತಲುಪುತ್ತದೆ. ಆದೇಶದ ಹಾಳೆಗಳು ಅವರ ಮೇಜಿಗೆ ಬರುವುದು ಆರು ತಿಂಗಳ ವರದಿಗೆಂದು ಕನ್ಸಲ್ಟೆಂಟ್ ಫೋಟೊ ಕೇಳಿದಾಗ. ಅಷ್ಟರಲ್ಲಿ ಬೇಸ್‌ಮೆಂಟ್ ಅಗೆದು ಮುಗಿದಿರುತ್ತದೆ. ಅಗೆಯುವ ಮೊದಲು ಮಾಡಬೇಕಿದ್ದ ಕೆಲಸವನ್ನು ಅಗೆದ ಮೇಲೆ ಮಾಡಲು ಬರುವುದಿಲ್ಲ.

ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣ ವಿಸ್ತೀರ್ಣವಿರುವ ಕಟ್ಟಡಕ್ಕೆ ಮೊದಲೇ ಅನುಮತಿ ಪಡೆದಿರಬೇಕು. ಬೆಂಗಳೂರಿನ ನಾಲ್ಕು ಟವರ್‌ಗಳ ಸಾಧಾರಣ ಅಪಾರ್ಟ್‌ಮೆಂಟ್ ಯೋಜನೆಯೂ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ತಜ್ಞರ ಸಮಿತಿ ಅರ್ಜಿಯನ್ನು ಪರಿಶೀಲಿಸುತ್ತದೆ, ರಾಜ್ಯ ಮಟ್ಟದ ಪ್ರಾಧಿಕಾರ ಅನುಮತಿ ಕೊಡುತ್ತದೆ. ಆ ಅನುಮತಿಯ ಬೆನ್ನಿಗೇ ಷರತ್ತುಗಳ ಉದ್ದನೆಯ ಸಾಲು ಇರುತ್ತದೆ. ಗಾಳಿ, ನೀರು, ಶಬ್ದ, ಕಸ, ವಿದ್ಯುತ್, ಮರ, ಕಾರ್ಮಿಕರ ಆರೋಗ್ಯ ಎಂದು ವಿಭಾಗ ಮಾಡಿ ಬರೆದ ಸಾಲು ಅದು. ಷರತ್ತು ಮುರಿದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಬೀಳಬಹುದು. ಅದಕ್ಕಿಂತ ಬಿಸಿ ತಟ್ಟುವ ಜಾಗ ಬೇರೆ ಇದೆ. ಮುಂದೆ ಯೋಜನೆಯನ್ನು ವಿಸ್ತರಿಸಬೇಕೆಂದರೆ, ಹಳೆಯ ಷರತ್ತುಗಳು ಪಾಲನೆಯಾಗಿವೆ ಎಂಬ ದೃಢೀಕೃತ ವರದಿಯನ್ನು ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಯಿಂದ ತರಬೇಕು. ಎರಡನೇ ಹಂತಕ್ಕೆ ಸಾಲ ಎತ್ತಿ ಕೂತವರು ಸಿಕ್ಕಿಕೊಳ್ಳುವುದು ಇಲ್ಲೇ.

ಈ ಷರತ್ತುಗಳನ್ನು ಬರೆದಿರುವ ಕ್ರಮ ಅಧಿಕಾರಿಗೆ ಅನುಕೂಲ, ಕಟ್ಟುವವರಿಗೆ ಅಲ್ಲ. ಆದೇಶ ವಿಷಯದ ಲೆಕ್ಕದಲ್ಲಿ ಸಾಗುತ್ತದೆ, ಸೈಟು ದಿನಾಂಕದ ಲೆಕ್ಕದಲ್ಲಿ. ‘ಮರ’ ಎಂಬ ವಿಭಾಗ ಆದೇಶದ ಕೊನೆಯ ಪುಟಗಳಲ್ಲಿರುತ್ತದೆ. ಆದರೆ ಅದರೊಳಗಿನ ಮೇಲ್ಮಣ್ಣಿನ ಷರತ್ತು ಜೆಸಿಬಿ ಸೈಟಿಗೆ ಕಾಲಿಡುವ ಮೊದಲ ದಿನದ್ದು. ಚೆಕ್‌ಲಿಸ್ಟ್ ಮಾಡುವುದು ಎಂದರೆ ಈ ಎರಡು ಕ್ರಮಗಳ ನಡುವಿನ ಅಂತರ ಮುಚ್ಚುವುದು. ಆದೇಶವನ್ನು ಎಕ್ಸೆಲ್ ಹಾಳೆಗೆ ಕಾಪಿ ಮಾಡಿ ಪಕ್ಕದಲ್ಲಿ ‘ಸ್ಥಿತಿ’ ಎಂಬ ಕಾಲಂ ಎಳೆದರೆ ಅದು ಚೆಕ್‌ಲಿಸ್ಟ್ ಆಗುವುದಿಲ್ಲ. ನಾನು ನೋಡಿದ ಬಹುಪಾಲು ಹಾಳೆಗಳು ಮಾತ್ರ ಅಂಥವೇ.

ಲೆಕ್ಕಕ್ಕೆಂದು ಒಂದು ಯೋಜನೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಹೊರವಲಯದಲ್ಲಿ ಸುಮಾರು ಐದು ಎಕರೆ, ಅಂದರೆ 20,000 ಚದರ ಮೀಟರ್ ಜಮೀನು. ನಿರ್ಮಾಣ ವಿಸ್ತೀರ್ಣ 60,000 ಚದರ ಮೀಟರ್. 400 ಮನೆ, ಮನೆಗೆ ಐವರಂತೆ 2,000 ಜನ. ತೋಟಕ್ಕೆಂದು ಬಿಟ್ಟ ಜಾಗ 6,000 ಚದರ ಮೀಟರ್. ಕಟ್ಟಡ ಯೋಜನೆಗಳಿಗೆಂದು ಸಚಿವಾಲಯ 2019ರ ಜನವರಿಯಲ್ಲಿ ಹೊರಡಿಸಿದ ಮಾದರಿ ಷರತ್ತುಗಳೇ ಇದರ ಆದೇಶದಲ್ಲೂ ಇವೆ ಎಂದುಕೊಳ್ಳೋಣ.

ಒಂದು ವಾಕ್ಯ, ನಾಲ್ಕು ಕೆಲಸ

ಮೇಲ್ಮಣ್ಣಿನ ಷರತ್ತನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದರ ಸಾರ ಇಷ್ಟು: ಕಟ್ಟಡ, ರಸ್ತೆ, ಕಲ್ಲುಹಾಸು ಮತ್ತು ಹೊರಗಿನ ಪೈಪು, ಕೇಬಲ್ಲುಗಳು ಬರುವ ಜಾಗದಲ್ಲಿ 20 ಸೆಂಟಿಮೀಟರ್ ಆಳದವರೆಗಿನ ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು, ಗೊತ್ತುಪಡಿಸಿದ ಜಾಗದಲ್ಲಿ ಸರಿಯಾಗಿ ರಾಶಿ ಹಾಕಬೇಕು, ಗಿಡ ನೆಡುವಾಗ ಅದೇ ಮಣ್ಣನ್ನು ಮತ್ತೆ ಬಳಸಬೇಕು.

ಓದುವುದಕ್ಕೆ ಒಂದು ವಾಕ್ಯ, ಒಳಗೆ ನಾಲ್ಕು ಕೆಲಸಗಳಿವೆ: ಕೆರೆಯುವುದು, ಜಾಗ ಗೊತ್ತು ಮಾಡುವುದು, ರಾಶಿಯನ್ನು ಕಾಯುವುದು, ಮತ್ತೆ ಹರಡುವುದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂರು ವರ್ಷ ಕಳೆಯಬಹುದು. ಇವನ್ನು ಒಂದೇ ಸಾಲಿನಲ್ಲಿ ಇಟ್ಟರೆ ಆ ಸಾಲಿನ ಸ್ಥಿತಿ ಮೂರು ವರ್ಷವೂ ‘ನಡೆಯುತ್ತಿದೆ’ ಎಂದೇ ಇರುತ್ತದೆ. ಆ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗಾಗಿ ಮೊದಲ ಕೆಲಸ ವಾಕ್ಯವನ್ನು ಒಡೆಯುವುದು. ಆದೇಶದಲ್ಲಿ ಷರತ್ತಿನ ಸಂಖ್ಯೆ 14 ಇದ್ದರೆ 14ಅ, 14ಆ, 14ಇ, 14ಈ ಎಂದು ನಾಲ್ಕು ಸಾಲು ಮಾಡಬೇಕು. ಮೂಲ ಸಂಖ್ಯೆಯನ್ನು ಬಿಡಬಾರದು, ಮೂಲ ವಾಕ್ಯವನ್ನು ತಿದ್ದಲೂ ಬಾರದು. ನಾಳೆ ಅಧಿಕಾರಿ ಕೇಳುವುದು ಆ ಸಂಖ್ಯೆಯನ್ನೇ.

ಒಡೆದ ಮೇಲೆ ಲೆಕ್ಕ. 20,000 ಚದರ ಮೀಟರ್‌ನಲ್ಲಿ ತೋಟದ 6,000 ಬಿಟ್ಟರೆ 14,000 ಉಳಿಯಿತು. ಅದರ ಮೇಲೆ 20 ಸೆಂಟಿಮೀಟರ್ ಕೆರೆದರೆ 2,800 ಘನ ಮೀಟರ್ ಮಣ್ಣು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಕಾಲು ಭಾಗ ಹೆಚ್ಚೆಂದು ಹಿಡಿದರೆ 3,500 ಘನ ಮೀಟರ್ ಆಯಿತು. ಎರಡು ಮೀಟರ್ ಎತ್ತರಕ್ಕೆ ರಾಶಿ ಹಾಕಿದರೆ, ಬದಿಯ ಇಳಿಜಾರು ಬಿಟ್ಟೂ, 1,750 ಚದರ ಮೀಟರ್ ಜಾಗ ಬೇಕು. ಅರ್ಧ ಎಕರೆಗೆ ಸ್ವಲ್ಪವೇ ಕಡಿಮೆ. ರಾಶಿಯನ್ನು ಇನ್ನೂ ಎತ್ತರಿಸಬಹುದಲ್ಲ ಎನ್ನುವವರಿರುತ್ತಾರೆ. ತೀರಾ ಎತ್ತರದ ರಾಶಿಯ ಒಳಗೆ ಗಾಳಿಯಾಡದೆ ಮಣ್ಣಿನ ಜೀವಾಣುಗಳು ಸಾಯುತ್ತವೆ, ಕೊನೆಗೆ ಸಿಗುವುದು ಬರೀ ಮಣ್ಣು.

ಬೇಸ್‌ಮೆಂಟ್ ಜಮೀನಿನ ಬಹುಭಾಗ ನುಂಗುವ ಯೋಜನೆಯಲ್ಲಿ ಅರ್ಧ ಎಕರೆ ಎಲ್ಲಿಂದ ಬರಬೇಕು? ಕಬ್ಬಿಣ ಇಡುವ ಯಾರ್ಡ್, ಕಾರ್ಮಿಕರ ಶೆಡ್, ಬ್ಯಾಚಿಂಗ್ ಪ್ಲಾಂಟ್, ಟವರ್ ಕ್ರೇನ್ ಎಲ್ಲಕ್ಕೂ ಜಾಗ ಬೇಕು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಾಗದ ಸೈಟಿನ ಲಾಜಿಸ್ಟಿಕ್ಸ್ ನಕ್ಷೆ. ಮೇಲ್ಮಣ್ಣಿನ ರಾಶಿ ಆ ನಕ್ಷೆಯಲ್ಲಿ ಗುರುತಾಗಿಲ್ಲದಿದ್ದರೆ ಷರತ್ತು ಆ ದಿನವೇ ಮುರಿಯಿತೆಂದು ತಿಳಿಯಬಹುದು. ಅಗೆತ ಶುರುವಾಗಬೇಕಿಲ್ಲ.

ಇನ್ನೊಂದು ಕಡೆಯೂ ನೋಡಬೇಕು, ಅಗೆತದ ಗುತ್ತಿಗೆದಾರರ ವರ್ಕ್ ಆರ್ಡರ್. ಅದರಲ್ಲಿ ಸಾಮಾನ್ಯವಾಗಿ ‘ಅಗೆತ ಮತ್ತು ಸಾಗಣೆ, ಘನ ಮೀಟರಿಗೆ ಇಷ್ಟು’ ಎಂಬ ಒಂದೇ ದರ ಇರುತ್ತದೆ. ಮೇಲಿನ ಪದರವನ್ನು ಬೇರೆಯಾಗಿ ತೆಗೆದು, ಬೇರೆ ಜಾಗದಲ್ಲಿ ಸುರಿದು, ಅದಕ್ಕೆ ಹೊದಿಕೆ ಹಾಕುವುದಕ್ಕೆ ದರ ಬರೆದಿರುವುದಿಲ್ಲ. ದರ ಇಲ್ಲದ ಕೆಲಸವನ್ನು ಯಾವ ಗುತ್ತಿಗೆದಾರರೂ ಮಾಡುವುದಿಲ್ಲ, ಮಾಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. 2,800 ಘನ ಮೀಟರ್ ಮಣ್ಣು ಟಿಪ್ಪರ್‌ಗಳಲ್ಲಿ ತುಂಬಿ ಎಲ್ಲೋ ಒಂದು ತಗ್ಗಿಗೆ ಹೋಗುತ್ತದೆ. ಮೂರು ವರ್ಷದ ಬಳಿಕ ತೋಟಕ್ಕೆಂದು ಕೆಂಪು ಮಣ್ಣನ್ನು ಕೊಂಡು ತರುತ್ತಾರೆ. ವರದಿಯಲ್ಲಿ ‘ಮೇಲ್ಮಣ್ಣನ್ನು ಸಂರಕ್ಷಿಸಿ ತೋಟಕ್ಕೆ ಬಳಸಲಾಗಿದೆ’ ಎಂದು ಬರೆಯುತ್ತಾರೆ. ಆ ಕೆಂಪು ಮಣ್ಣಿನ ಬಿಲ್ಲು ಲೆಕ್ಕಪತ್ರ ವಿಭಾಗದ ಫೈಲಿನಲ್ಲಿ ಹಾಗೇ ಇರುತ್ತದೆ.

ಹಾಗಾಗಿ 14ಅ ಸಾಲು ಹೀಗಿರಬೇಕು. ಕೆಲಸ: 14,000 ಚದರ ಮೀಟರ್‌ನಲ್ಲಿ 20 ಸೆಂಟಿಮೀಟರ್ ಕೆರೆತ. ಯಾವುದಕ್ಕೆ ಮೊದಲು: ಬೇಸ್‌ಮೆಂಟ್ ಅಗೆತ. ಯಾರು: ಅಗೆತದ ಕೆಲಸ ನೋಡುವ ಸೈಟ್ ಎಂಜಿನಿಯರ್, ಗುತ್ತಿಗೆದಾರರ ವರ್ಕ್ ಆರ್ಡರ್‌ನ ಇಂಥ ಐಟಂ. ಸಾಕ್ಷಿ: ಕೆರೆಯುವ ಮೊದಲಿನ ಮತ್ತು ನಂತರದ ಸರ್ವೆ ಲೆವೆಲ್‌ಗಳು, ದಿನಾಂಕವಿರುವ ಫೋಟೊ, ರಾಶಿಯ ಅಳತೆ. ಈ ಸಾಲನ್ನು ಓದಿದ ಹೊಸ ಎಂಜಿನಿಯರ್ ಒಬ್ಬರು ಯಾರನ್ನೂ ಕೇಳದೆ ಕೆಲಸ ಮಾಡಿಸಬಲ್ಲರು. ಸಾಲು ಸರಿಯಾಗಿದೆಯೇ ಎಂದು ನಾನು ನೋಡುವ ಅಳತೆ ಅದೊಂದೇ.

ಯಾವುದಕ್ಕೆ ಮೊದಲು?

ಈ ಸಾಲಿನ ಕಾಲಂಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ ‘ಯಾವುದಕ್ಕೆ ಮೊದಲು’ ಎನ್ನುತ್ತೇನೆ. ‘ಯಾವಾಗ’ ಎಂಬ ಕಾಲಂ ಬಹಳ ಹಾಳೆಗಳಲ್ಲಿ ಇರುತ್ತದೆ. ಅಲ್ಲಿ ದಿನಾಂಕ ಬರೆಯುತ್ತಾರೆ, ಕಾಮಗಾರಿ ಹಿಂದೆ ಮುಂದೆ ಆದಾಗ ಆ ದಿನಾಂಕ ಸುಳ್ಳಾಗುತ್ತದೆ. ‘ಈ ಸ್ಲ್ಯಾಬ್‌ಗೆ ಮೊದಲು’, ‘ಈ ಶಾಫ್ಟ್ ಮುಚ್ಚುವ ಮೊದಲು’ ಎಂದು ಬರೆದರೆ ಅದು ಸುಳ್ಳಾಗುವುದಿಲ್ಲ. ಷರತ್ತು ಕೆಲಸಕ್ಕೆ ಗಂಟು ಬಿದ್ದು, ಕೆಲಸದ ಜತೆಯೇ ಮುಂದೆ ಹೋಗುತ್ತದೆ.

ಎರಡು ಪೈಪಿನ ಷರತ್ತು ಇದಕ್ಕೆ ಒಳ್ಳೆಯ ಉದಾಹರಣೆ. ಮನೆಗೆ ಎರಡು ಬೇರೆ ಬೇರೆ ಕೊಳವೆ ಮಾರ್ಗ ಬೇಕು ಎನ್ನುತ್ತದೆ ಆದೇಶ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಹೊಸ ನೀರು. ಶೌಚದ ಫ್ಲಶ್‌ಗೆ, ತೋಟಕ್ಕೆ ಎಸ್‌ಟಿಪಿಯಲ್ಲಿ ಶುದ್ಧವಾದ ನೀರು. ನಮ್ಮ 400 ಮನೆಯ ಯೋಜನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ 45 ಲೀಟರ್ ಫ್ಲಶ್‌ಗೆ ಎಂದು ಹಿಡಿದರೆ, ದಿನಕ್ಕೆ 90,000 ಲೀಟರ್ ಹೊಸ ನೀರು ಈ ಎರಡನೇ ಪೈಪಿನಿಂದ ಉಳಿಯುತ್ತದೆ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ಏಳೂವರೆ ಲೋಡು. ಟ್ಯಾಂಕರ್ ನೀರಿನ ಮೇಲೆ ಬದುಕುವ ಬೆಂಗಳೂರಿನ ಹೊರವಲಯದಲ್ಲಿ ಇದು ಅಲ್ಪ ವಿಷಯವಲ್ಲ.

ಟವರ್ ಏರುವಾಗ ಪ್ಲಂಬಿಂಗ್ ಶಾಫ್ಟ್‌ನೊಳಗೆ ಪೈಪುಗಳು ಮಹಡಿ ಮಹಡಿಯಾಗಿ ಮೇಲೆ ಹೋಗುತ್ತವೆ. ಒಂದು ಹಂತದಲ್ಲಿ ಶಾಫ್ಟ್‌ಗೆ ಇಟ್ಟಿಗೆ ಕಟ್ಟಿ ಮುಚ್ಚುತ್ತಾರೆ, ಶೌಚದ ಗೋಡೆಗೆ ಟೈಲ್ಸ್ ಬರುತ್ತದೆ. ವಾರದ ಸಭೆಯಲ್ಲಿ ಪ್ಲಂಬಿಂಗ್ ಮೇಸ್ತ್ರಿ, ‘ಸಾರ್, ಫ್ಲಶ್ ಲೈನು ಬಿಟ್ಟು ಮಿಕ್ಕಿದ್ದೆಲ್ಲ ಮುಗಿದಿದೆ, ಆ ಪೈಪು ಇನ್ನೂ ಬಂದಿಲ್ಲ, ಟೈಲ್ಸ್‌ನವರು ಕಾಯ್ತಾ ಇದಾರೆ’ ಎನ್ನುತ್ತಾರೆ. ಮ್ಯಾನೇಜರ್ ಕೈಯಲ್ಲಿ ಈ ಕಾಲಂ ಇರುವ ಹಾಳೆ ಇದ್ದರೆ, ‘ಲೈನ್ ಹಾಕಿ ಪ್ರೆಶರ್ ಟೆಸ್ಟ್ ಆಗೋವರೆಗೂ ಶಾಫ್ಟ್ ಮುಚ್ಚಬೇಡಿ’ ಎಂದು ಹೇಳಲು ಅವರಿಗೊಂದು ಲಿಖಿತ ಆಧಾರ ಇರುತ್ತದೆ. ಹಾಳೆ ಇಲ್ಲದಿದ್ದರೆ ಟೈಲ್ಸ್‌ನವರೇ ಗೆಲ್ಲುತ್ತಾರೆ. ಆಮೇಲೆ ಇಪ್ಪತ್ತು ಮಹಡಿಯ ಟೈಲ್ಸ್ ಒಡೆಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಹೊರಗಿನಿಂದ ನೋಡಿದರೆ ಎಲ್ಲ ಸರಿಯಿರುವಂತೆ ಕಾಣುವ ಇನ್ನೊಂದು ತಪ್ಪೂ ಉಂಟು. ಎರಡೂ ಪೈಪು ಹಾಕಿರುತ್ತಾರೆ, ಆದರೆ ಟೆರೇಸಿನಲ್ಲಿ ಎರಡೂ ಒಂದೇ ಟ್ಯಾಂಕಿಗೆ ಸೇರಿರುತ್ತವೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಎಸ್‌ಟಿಪಿಯ ನೀರಿಗೆ ಬಣ್ಣ ಬೆರೆಸಿ ಮೇಲಿನ ಟ್ಯಾಂಕಿಗೆ ಪಂಪ್ ಮಾಡಿ, ಯಾವ ಮನೆಯ ಯಾವ ನಲ್ಲಿಯಲ್ಲಿ ಬಣ್ಣ ಬರುತ್ತದೆಂದು ನೋಡಿದರೆ ಸಾಕು. ಫ್ಲಶ್‌ನಲ್ಲಿ ಬಂದರೆ ಸರಿ. ವಾಶ್‌ಬೇಸಿನ್‌ನಲ್ಲೂ ಬಂದರೆ ಅದು ಇಸಿ ಷರತ್ತಿನ ಪ್ರಶ್ನೆಗಿಂತ ದೊಡ್ಡದು, ಜನರ ಹೊಟ್ಟೆಗೆ ಬಂದ ಅಪಾಯ. ಈ ಪರೀಕ್ಷೆಗೆ ಚೆಕ್‌ಲಿಸ್ಟ್‌ನಲ್ಲಿ ತನ್ನದೇ ಸಾಲು ಇರಬೇಕು. ‘ಯಾವುದಕ್ಕೆ ಮೊದಲು’ ಕಾಲಂನಲ್ಲಿ: ಮೊದಲ ಮನೆಯ ಬೀಗದ ಕೈ ಕೊಡುವ ಮೊದಲು.

ನೀರಿನ ಮಾತು ಬಂದಾಗ ಎಸ್‌ಟಿಪಿಯ ಲೆಕ್ಕವನ್ನೂ ಮುಗಿಸಿಬಿಡೋಣ. ಹೊಸ ನೀರು ದಿನಕ್ಕೆ 1,80,000 ಲೀಟರ್. ಅದರ ಶೇ 80 ಕೊಳಚೆಯಾಗಿ ಬರುತ್ತದೆಂದರೆ 1,44,000. ಫ್ಲಶ್‌ನ 90,000 ಸೇರಿಸಿದರೆ ಒಟ್ಟು 2,34,000 ಲೀಟರ್. ಅಷ್ಟೂ ನೀರನ್ನು ಯೋಜನೆಯ ಒಳಗೇ ಶುದ್ಧೀಕರಿಸಬೇಕು ಎಂಬುದು ಷರತ್ತು. ಶುದ್ಧವಾಗಿ ಹೊರಬರುವುದು ಸುಮಾರು 2,20,000 ಲೀಟರ್. ಫ್ಲಶ್‌ಗೆ 90,000 ಹೋಯಿತು, 6,000 ಚದರ ಮೀಟರ್ ತೋಟಕ್ಕೆ ಹೆಚ್ಚೆಂದರೆ 18,000. ಉಳಿದ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಎಲ್ಲಿಗೆ? ಕೊಳಚೆಯನ್ನಾಗಲಿ ಶುದ್ಧೀಕರಿಸದ ನೀರನ್ನಾಗಲಿ ಮಳೆನೀರಿನ ಚರಂಡಿಗೆ ಬಿಡಬಾರದು ಎಂದು ಆದೇಶ ಹೇಳುತ್ತದೆ. ಶುದ್ಧವಾದ ಹೆಚ್ಚುವರಿ ನೀರನ್ನು ಏನು ಮಾಡುತ್ತೇವೆಂದು ಬಿಲ್ಡರ್ ತಮ್ಮ ಅರ್ಜಿಯಲ್ಲೇ ಬರೆದುಕೊಟ್ಟಿರುತ್ತಾರೆ. ರಸ್ತೆ ಬದಿಯ ಗಿಡಕ್ಕೆ, ನಿರ್ಮಾಣಕ್ಕೆ, ಹೀಗೆ. ಅರ್ಜಿಯಲ್ಲೂ ಸಮಿತಿಯ ಮುಂದೆಯೂ ಕೊಟ್ಟ ಮಾತುಗಳೆಲ್ಲ ಪಾಲನೆಯಾಗಬೇಕು ಎಂದು ಆದೇಶದ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಆ ಒಂದು ಸಾಲಿನಿಂದ ಇಡೀ ಅರ್ಜಿಯೇ ಷರತ್ತಾಗುತ್ತದೆ. ಚೆಕ್‌ಲಿಸ್ಟ್ ಮಾಡುವವರು ಆದೇಶವನ್ನಷ್ಟೇ ಓದಿ ಮುಗಿಸಿದರೆ ಅರ್ಧ ಷರತ್ತುಗಳು ಕೈತಪ್ಪುತ್ತವೆ. ನೀರಿನ ಲೆಕ್ಕದ ಹಾಳೆ, ಪರಿಸರ ನಿರ್ವಹಣಾ ಯೋಜನೆ, ಸಮಿತಿಯ ಸಭೆಯ ನಡಾವಳಿ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಆದೇಶದಲ್ಲಿ ಅಂಕಿಯಿರುವ ಷರತ್ತುಗಳು ಒಂದರ್ಥದಲ್ಲಿ ಸುಲಭದವು. 5,000 ಚದರ ಮೀಟರ್ ನಿರ್ಮಾಣಕ್ಕೆ ಒಂದು ಇಂಗುಬಾವಿ ಎಂದರೆ ನಮಗೆ 12. ಹಸಿಕಸಕ್ಕೆ ತಲೆಗೆ ದಿನಕ್ಕೆ 0.3 ಕೆ.ಜಿ. ಎಂದರೆ 600 ಕೆ.ಜಿ. ಗೊಬ್ಬರ ಮಾಡುವ ವ್ಯವಸ್ಥೆ. ಭಾಗಾಕಾರ, ಗುಣಾಕಾರ ಮಾಡಿ ಉತ್ತರವನ್ನು ಸಾಲಿನಲ್ಲಿ ಬರೆದರಾಯಿತು. ಇಂಗುಬಾವಿಗೆ ಮಾತ್ರ ಬೇಸ್‌ಮೆಂಟ್ ಇಲ್ಲದ ಜಾಗ ಬೇಕು ಎಂಬುದನ್ನು ಮರೆಯಬಾರದು. ಹನ್ನೆರಡು ಬಾವಿಗೆ ಜಾಗವನ್ನು ತೋಟದ ನಕ್ಷೆ ಬರೆಯುವಾಗ ಹುಡುಕಿದರೆ ತಡ.

ಮರದ ಅಂಕಿ ಅಷ್ಟು ಸರಳವಲ್ಲ. 80 ಚದರ ಮೀಟರ್ ಜಮೀನಿಗೆ ಒಂದು ಮರವಿರಬೇಕು, ಈಗಿರುವ ಮರಗಳನ್ನೂ ಸೇರಿಸಿ ಎಣಿಸಬಹುದು ಎನ್ನುತ್ತದೆ ಮಾದರಿ ಷರತ್ತು. ನಮಗೆ 250 ಮರ. ಅದರ ಪಕ್ಕದಲ್ಲೇ, ಕಡಿಯುವುದು ಅನಿವಾರ್ಯವಾದರೆ ಒಂದಕ್ಕೆ ಹತ್ತರಂತೆ ನೆಡಬೇಕು ಎಂಬ ಷರತ್ತಿದೆ. ಜಮೀನಿನಲ್ಲಿ 40 ಮರಗಳಿದ್ದು ಅವುಗಳಲ್ಲಿ 18ನ್ನು ಕಡಿದರೆ 180 ಹೊಸ ಗಿಡ. ಈ 180 ಆ 250ರ ಒಳಗೋ ಹೊರಗೋ? ಮಾದರಿ ಷರತ್ತಿನ ಮಾತು ಇದನ್ನು ಬಿಡಿಸಿ ಹೇಳುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ತಮಗೆ ಅನುಕೂಲವಾದ ಅರ್ಥ ಮಾಡಿಕೊಂಡು ಮುಂದೆ ಹೋಗುವುದು ಸಾಮಾನ್ಯ. ಅದು ತಪ್ಪು. ಎರಡು ಅರ್ಥ ಬರುವ ಷರತ್ತಿಗೆ ಚೆಕ್‌ಲಿಸ್ಟ್‌ನಲ್ಲಿ ಮೊದಲ ಸಾಲು ‘ಪ್ರಾಧಿಕಾರಕ್ಕೆ ಪತ್ರ ಬರೆದು ಸ್ಪಷ್ಟನೆ ಕೇಳುವುದು’ ಎಂದೇ ಇರಬೇಕು. ಉತ್ತರ ಬರುವವರೆಗೆ ಕಠಿಣವಾದ ಅರ್ಥವನ್ನೇ ಹಿಡಿದು ಜಾಗ ಕಾದಿರಿಸಬೇಕು. ಮರ ಕಡಿಯಲು ಬೇರೆ ಅನುಮತಿ ಬೇಕೆಂಬುದೂ ಇಲ್ಲಿ ನೆನಪಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ಕೊಡುವ ಅನುಮತಿ ಅದು, ಇಸಿ ಅದರ ಬದಲಿಗೆ ನಿಲ್ಲುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ಬೇರೆಯಾಗಿ ಬೇಕೇ ಎಂಬುದನ್ನೂ ಕೆಲಸ ಶುರು ಮಾಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಸಾಕ್ಷಿ ಎಂದರೆ ಫೋಟೊ ಅಷ್ಟೇ ಅಲ್ಲ

ನಿರ್ಮಾಣ ನಡೆಯುವಷ್ಟು ಕಾಲ ದಿನವೂ ಪಾಲಿಸಬೇಕಾದ ಷರತ್ತುಗಳ ಗುಂಪೊಂದಿದೆ. ಧೂಳಿಗೆ ನೀರು ಹೊಡೆಯುವುದು, ಮರಳಿಗೆ ಹೊದಿಕೆ, ಕಲ್ಲು ಕತ್ತರಿಸುವಾಗ ನೀರು ಬಿಡುವುದು, ನಿರ್ಮಾಣಕ್ಕೆ ಕೊಳವೆಬಾವಿ ನೀರು ಬಳಸದಿರುವುದು. ಇವಕ್ಕೆ ‘ಮುಗಿಯಿತು’ ಎಂಬುದೇ ಇಲ್ಲ, ಆದ್ದರಿಂದ ಚೆಕ್‌ಲಿಸ್ಟ್‌ನಲ್ಲಿ ಇವು ಬೇರೆ ಹಾಳೆಯಲ್ಲಿರುವುದು ಒಳ್ಳೆಯದು. ಇಲ್ಲಿ ಎಲ್ಲವೂ ನಿಂತಿರುವುದು ಸಾಕ್ಷಿಯ ಕಾಲಂ ಮೇಲೆ.

ನೀರು ಹೊಡೆಯುತ್ತಿರುವ ಟ್ಯಾಂಕರ್‌ನ ಒಂದು ಫೋಟೊ ಆ ಒಂದು ನಿಮಿಷಕ್ಕೆ ಸಾಕ್ಷಿ. ಆರು ತಿಂಗಳಿಗೆ ಸಾಕ್ಷಿ ಬೇಕೆಂದರೆ ಗೇಟಿನ ರಿಜಿಸ್ಟರಿನಲ್ಲಿ ಟ್ಯಾಂಕರ್ ಬಂದ ದಾಖಲೆ, ಆ ನೀರನ್ನು ಕೊಟ್ಟ ಎಸ್‌ಟಿಪಿಯ ರಸೀದಿ, ತಿಂಗಳ ಬಿಲ್ಲು ಬೇಕು. ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ನಿರ್ಮಾಣಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಆಗ ಇಂಥ ರಸೀದಿ ಜೋಡಿಸಿಟ್ಟುಕೊಂಡಿದ್ದ ಸೈಟಿನವರು ತೋರಿಸಿ ನಿಶ್ಚಿಂತರಾಗಬಹುದಿತ್ತು.

ಗಾಳಿಯ ಅಳತೆಯ ಷರತ್ತಿನಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಮಂದಿ ಅದನ್ನು ಗಮನಿಸುವುದಿಲ್ಲ. ಗಾಳಿ ಬರುವ ದಿಕ್ಕಿನಲ್ಲೂ ಗಾಳಿ ಹೋಗುವ ದಿಕ್ಕಿನಲ್ಲೂ ಪಿಎಂ10, ಪಿಎಂ2.5 ಕಣಗಳನ್ನು ಅಳೆಯಬೇಕು ಎನ್ನುತ್ತದೆ ಷರತ್ತು. ಎರಡರ ವ್ಯತ್ಯಾಸದಿಂದ ಸೈಟಿನ ಪಾಲೆಷ್ಟು ಎಂದು ತಿಳಿಯಬೇಕು, ಅದೇ ಇದರ ಉದ್ದೇಶ. ಬೆಂಗಳೂರಿನಲ್ಲಿ ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸಿದರೆ ಚಳಿಗಾಲದಲ್ಲಿ ಪೂರ್ವದಿಂದ. ಪಶ್ಚಿಮದ ಗೇಟಿನ ಬಳಿಯ ಉಪಕರಣ ಜುಲೈನಲ್ಲಿ ‘ಮೇಲ್ಗಾಳಿ’ ಆದರೆ ಡಿಸೆಂಬರ್‌ನಲ್ಲಿ ‘ಕೆಳಗಾಳಿ’. ಲ್ಯಾಬಿನ ವರದಿಯಲ್ಲಿ ವರ್ಷವಿಡೀ ಅದೇ ಜಾಗಕ್ಕೆ ಅದೇ ಹೆಸರು ಇದ್ದರೆ, ಅಳತೆ ಮಾಡಿದವರು ಷರತ್ತನ್ನು ಅರ್ಥ ಮಾಡಿಕೊಂಡಿಲ್ಲ ಎಂದೇ ಅರ್ಥ. ಸತತ ಎರಡು ತಿಂಗಳು ಅಂಕಿಗಳು ದಶಮಾಂಶದವರೆಗೆ ಒಂದೇ ಆಗಿದ್ದರಂತೂ ಅಳತೆಯೇ ಆಗಿಲ್ಲ. ಚೆಕ್‌ಲಿಸ್ಟ್‌ನಲ್ಲಿ ‘ಗಾಳಿ ಪರೀಕ್ಷೆ: ಆಗಿದೆ’ ಎಂಬ ಟಿಕ್ ಮಾರ್ಕ್ ಸಾಲದು. ಅಳೆದ ದಿನದ ಗಾಳಿಯ ದಿಕ್ಕು, ಉಪಕರಣ ಇಟ್ಟ ಜಾಗ, ಆ ದಿನ ಸೈಟಿನಲ್ಲಿ ಏನು ಕೆಲಸ ನಡೆಯುತ್ತಿತ್ತು ಎಂಬುದೂ ಇರಬೇಕು. ಭಾನುವಾರ ಕೆಲಸ ನಿಂತಿದ್ದಾಗ ಅಳೆದರೆ ಗಾಳಿ ಚೆನ್ನಾಗಿಯೇ ಇರುತ್ತದೆ.

ತಾರೀಖಿಗೆ ಕಟ್ಟುಬಿದ್ದ ಷರತ್ತುಗಳು ಬೆರಳೆಣಿಕೆಯಷ್ಟು. ಇಸಿ ಬಂದ ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಸ್ಥಳೀಯ ಭಾಷೆಯಲ್ಲಿರಬೇಕು. ಇದು ಕೇವಲ ಶಿಷ್ಟಾಚಾರವಲ್ಲ. ಅನುಮತಿಯನ್ನು ಒಪ್ಪದವರು ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ, ಸಕಾರಣವಿದ್ದರೆ ಇನ್ನೂ 60 ದಿನ. ಆದೇಶದ ವಿಷಯ ಜನರಿಗೆ ಯಾವಾಗ ತಿಳಿಯಿತು ಎಂಬ ವಾದ ಎದ್ದಾಗ ಆ ಜಾಹೀರಾತಿನ ಕತ್ತರಿಕೆಯೇ ಉತ್ತರ. ಇನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧ ವಾರ್ಷಿಕ ಪಾಲನಾ ವರದಿ, ಸೆಪ್ಟೆಂಬರ್ 30ಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪರಿಸರ ಲೆಕ್ಕವಿವರ.

ಚೆಕ್‌ಲಿಸ್ಟ್ ಸರಿಯಿದ್ದರೆ ಅರ್ಧ ವಾರ್ಷಿಕ ವರದಿ ಬರೆಯುವುದು ಒಂದು ದಿನದ ಕೆಲಸ. ಅದು ಇಲ್ಲದ ವರದಿಯ ಭಾಷೆ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಪ್ರತಿ ಷರತ್ತಿನ ಮುಂದೆ ‘ಗಮನಿಸಲಾಗಿದೆ’, ‘ಪಾಲಿಸಲಾಗುವುದು’. ಮೊದಲ ವರದಿಯಲ್ಲಿ ಪಾಲಿಸಲಾಗುವುದು, ಆರನೆಯದರಲ್ಲೂ ಪಾಲಿಸಲಾಗುವುದು. ಎರಡು ಪೈಪಿನ ಷರತ್ತಿನ ಮುಂದೆ ‘ಪಾಲಿಸಲಾಗುವುದು’ ಎಂದಿದ್ದು, ಅದೇ ವರದಿಯ ಫೋಟೊದಲ್ಲಿ ಹದಿನೆಂಟನೇ ಮಹಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದರೆ, ಪರಿಶೀಲಿಸುವ ಅಧಿಕಾರಿ ಬೇರೇನೂ ಓದಬೇಕಾಗಿಲ್ಲ.

ಪಾಲಿಸಲು ಆಗದ ಷರತ್ತುಗಳೂ ಇರುತ್ತವೆ. ನಕ್ಷೆ ಬದಲಾಗಿ ಎಸ್‌ಟಿಪಿ ಬೇರೆ ಮೂಲೆಗೆ ಹೋಗಿರಬಹುದು, ಮನೆಗಳ ಸಂಖ್ಯೆ 400 ಇದ್ದದ್ದು 430 ಆಗಿರಬಹುದು. ಮಾರಾಟ ವಿಭಾಗದ ಒತ್ತಾಯಕ್ಕೆ ಆಗುವ ಬದಲಾವಣೆಗಳಿವು, ಪರಿಸರದವರಿಗೆ ತಿಳಿಯುವುದು ಕೊನೆಗೆ. ಮುಂಚಿತ ಒಪ್ಪಿಗೆ ಇಲ್ಲದೆ ಯೋಜನೆಯನ್ನು ಬದಲಿಸುವಂತಿಲ್ಲ ಎಂಬುದೂ ಷರತ್ತೇ. ಆದ್ದರಿಂದ ಚೆಕ್‌ಲಿಸ್ಟ್‌ನ ತಲೆಯಲ್ಲಿ ಇಸಿಗೆ ಆಧಾರವಾದ ಅಂಕಿಗಳನ್ನು, ಅಂದರೆ ವಿಸ್ತೀರ್ಣ, ಮನೆ, ನೀರು, ಎಸ್‌ಟಿಪಿ, ತೋಟದ ಜಾಗ ಇಷ್ಟನ್ನು ಬರೆದಿಡಬೇಕು. ಹೊಸ ನಕ್ಷೆಯ ಮೇಲೆ ವಾಸ್ತುಶಿಲ್ಪಿ ಸಹಿ ಮಾಡುವ ಮೊದಲು ಆ ಸಾಲಿನ ಜತೆ ತಾಳೆ ನೋಡಬೇಕು. ಹೊಂದದಿದ್ದರೆ ನಕ್ಷೆ ಅಲ್ಲೇ ನಿಲ್ಲಬೇಕು, ಪ್ರಾಧಿಕಾರಕ್ಕೆ ತಿದ್ದುಪಡಿ ಅರ್ಜಿ ಹೋಗಬೇಕು. ಇದನ್ನು ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರೇ ಮಾಡಲಾರರು. ನಕ್ಷೆ ಹೊರಡುವ ಕಚೇರಿಯಲ್ಲೂ ಆ ಹಾಳೆ ಇರಬೇಕು.

ಕಟ್ಟಡ ಮುಗಿಯುವ ಹೊತ್ತಿಗೆ ಕೆಲವು ಸಾಲುಗಳು ಮತ್ತೆ ಬಿಗಿಯಾಗುತ್ತವೆ. ಎಸ್‌ಟಿಪಿಯನ್ನು ಸ್ವತಂತ್ರ ಪರಿಣತರೊಬ್ಬರು ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು, ಯೋಜನೆ ಚಾಲೂ ಆಗುವ ಮೊದಲೇ ಆ ವರದಿ ಸಲ್ಲಿಕೆಯಾಗಬೇಕು. ಹೊಸ ಎಸ್‌ಟಿಪಿಗೆ ಸಾಕಷ್ಟು ಕೊಳಚೆ ಬರುವುದೇ ಜನ ಬಂದ ಮೇಲೆ. ನೂರು ಮನೆಗಷ್ಟೇ ಜನ ಬಂದಾಗ 400 ಮನೆಯ ಎಸ್‌ಟಿಪಿಯೊಳಗಿನ ಬ್ಯಾಕ್ಟೀರಿಯಾ ಹಸಿದಿರುತ್ತವೆ, ನೀರು ಶುದ್ಧವಾಗುವುದಿಲ್ಲ, ವಾಸನೆ ಬರುತ್ತದೆ. ಘಟಕವನ್ನು ಎರಡು ಸಾಲಾಗಿ ಕಟ್ಟಿ, ಮೊದಲು ಒಂದನ್ನು ಮಾತ್ರ ಓಡಿಸುವಂತೆ ವಿನ್ಯಾಸ ಮಾಡಿದ್ದರೆ ಈ ತಾಪತ್ರಯ ಕಡಿಮೆ. ಅದು ಕೊನೆಯಲ್ಲಿ ತೆಗೆದುಕೊಳ್ಳುವ ತೀರ್ಮಾನವಲ್ಲ. ಎಸ್‌ಟಿಪಿಯ ಡ್ರಾಯಿಂಗ್‌ಗೆ ಒಪ್ಪಿಗೆ ಕೊಡುವ ದಿನದ ಸಾಲಿನಲ್ಲೇ ಅದು ಇರಬೇಕು.

ಆಮೇಲೆ ನಿವಾಸಿಗಳ ಸಂಘ ಬರುತ್ತದೆ. ಬಿಲ್ಡರ್ ಹೊರಟ ಮೇಲೂ ಷರತ್ತುಗಳು ಹೊರಡುವುದಿಲ್ಲ. ಎಸ್‌ಟಿಪಿ ಓಡಬೇಕು, ಗೊಬ್ಬರದ ಘಟಕ ಓಡಬೇಕು, 250 ಮರಗಳಲ್ಲಿ ಸತ್ತವನ್ನು ಮತ್ತೆ ನೆಡಬೇಕು, ಹೊಸ ನೀರೆಷ್ಟು, ಮರುಬಳಕೆಯೆಷ್ಟು ಎಂದು ಮೀಟರ್ ನೋಡಿ ಬರೆದಿಡಬೇಕು. ಹಸ್ತಾಂತರದ ದಿನ ಸಂಘದ ಪದಾಧಿಕಾರಿಗಳು ಈಜುಕೊಳದ ಪಂಪ್, ಲಿಫ್ಟಿನ ವಾರ್ಷಿಕ ನಿರ್ವಹಣೆ ಎಲ್ಲ ಕೇಳಿ ಬರೆಸಿಕೊಳ್ಳುತ್ತಾರೆ, ಇಸಿಯ ಪ್ರತಿಯನ್ನು ಕೇಳುವವರು ವಿರಳ. ಕೇಳಿದರೆ ಆದೇಶದ ಜತೆ ಚೆಕ್‌ಲಿಸ್ಟನ್ನೂ ಕೇಳಬೇಕು. ಪ್ರಾಜೆಕ್ಟ್ ಮ್ಯಾನೇಜರ್ ಆ ಹೊತ್ತಿಗೆ ಮುಗಿದ ಸಾಲುಗಳನ್ನು ಸಾಕ್ಷಿಯ ಸಮೇತ ಒಂದು ಫೈಲಿಗೆ, ಮುಂದುವರಿಯುವ ಸಾಲುಗಳನ್ನು ಇನ್ನೊಂದು ಫೈಲಿಗೆ ಹಾಕಿ, ಎರಡನೆಯದರ ‘ಯಾರು’ ಎಂಬ ಕಾಲಂನಲ್ಲಿ ಬಿಲ್ಡರ್ ಹೆಸರಿನ ಬದಲು ಸಂಘದ ಹೆಸರು ಬರೆದು ಎರಡೂ ಕಡೆಯವರ ಸಹಿ ಪಡೆಯಬೇಕು. ಸಹಿ ಮಾಡುವ ಮೊದಲು ಸಂಘದವರು ಎಸ್‌ಟಿಪಿಯ ಹೆಚ್ಚುವರಿ ನೀರು ಹೊರಗೆ ಹೋಗುವ ಪೈಪನ್ನು ಹಿಡಿದು, ಅದು ಎಲ್ಲಿಗೆ ಸೇರುತ್ತದೆಂದು ಕೊನೆಯವರೆಗೆ ನಡೆದು ನೋಡಿ ಬರುವುದು ಒಳ್ಳೆಯದು.